ಹತ್ತು ವೋಲ್ಟ್ ಕೊಟ್ಟರೆ ನೂರು ವೋಲ್ಟ್!

ದ್ವಿತೀಯ ಪಿಯುಸಿ ಲ್ಯಾಬಿನಲ್ಲಿ 1 ಹೆನ್ರಿಯ ಸುರುಳಿ, ಸುಮಾರು 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಎರಡನ್ನೂ ಸರಣಿಯಲ್ಲಿ ಜೋಡಿಸಿ, 50 ಹರ್ಟ್ಸ್‌ನ 10 ವೋಲ್ಟ್ ಎ.ಸಿ. ಕೊಡಿ. ಮಂಡಲದ ಒಟ್ಟು ರೋಧ 31.4 ಓಮ್ ಇರಲಿ. ಕೆಪಾಸಿಟರಿಗೆ ಮೀಟರ್ ಹಿಡಿದರೆ ಹತ್ತಿರ ಹತ್ತಿರ 100 ವೋಲ್ಟ್ ತೋರಿಸುತ್ತದೆ. ಮೀಟರ್ ಕೆಟ್ಟಿಲ್ಲ.

ಎ.ಸಿ.ಗೆ ಸುರುಳಿ ಒಡ್ಡುವ ತಡೆ, ಅಂದರೆ ರಿಯಾಕ್ಟೆನ್ಸ್, 2πfL. ಇಲ್ಲಿ 314 ಓಮ್. ಕೆಪಾಸಿಟರಿನದು 1/(2πfC), ಅದೂ ಹೆಚ್ಚುಕಡಿಮೆ ಅಷ್ಟೇ. ಆದರೆ ಒಂದರ ವೋಲ್ಟೇಜ್ ಏರುವಾಗ ಇನ್ನೊಂದರದು ಇಳಿಯುತ್ತದೆ, ಹಾಗಾಗಿ ಎರಡೂ ಪರಸ್ಪರ ವಜಾ ಆಗುತ್ತವೆ. ಇದೇ ಅನುರಣನ. ಪ್ರವಾಹವನ್ನು ತಡೆಯಲು ಉಳಿಯುವುದು ರೋಧ ಮಾತ್ರ: 10/31.4, ಸುಮಾರು 0.32 ಆಂಪಿಯರ್. ಅದನ್ನು 314ರಿಂದ ಗುಣಿಸಿದರೆ ಆ ನೂರು ವೋಲ್ಟ್. ಶಕ್ತಿಯೇನೂ ಪುಕ್ಕಟೆ ಹುಟ್ಟಿಲ್ಲ. ಸುರುಳಿ, ಕೆಪಾಸಿಟರ್‌ಗಳ ನಡುವೆ ಓಡಾಡುತ್ತಿದೆ, ಅಷ್ಟೆ.

ಎಡವಟ್ಟಾಗುವುದು ಇಲ್ಲೇ. ಮೀಟರ್ ಹೇಳುವುದು ಆರ್‌ಎಂಎಸ್ ಬೆಲೆ, ಅಂದರೆ ರೋಧಕವನ್ನು ಅಷ್ಟೇ ಬಿಸಿಮಾಡುವ ಡಿ.ಸಿ.ಯ ಬೆಲೆ. ಶಿಖರ ಅದರ √2 ಪಟ್ಟು, 141 ವೋಲ್ಟ್. "ಹತ್ತೇ ವೋಲ್ಟ್ ತಾನೇ" ಎಂದು 63 ವೋಲ್ಟಿನ ಕೆಪಾಸಿಟರ್ ಹಾಕಿದರೆ ಅದು ಸುಟ್ಟೀತು.

ಅನುರಣನ ಹೌದೋ ಅಲ್ಲವೋ ತಿಳಿಯಬೇಕೇ? ಸ್ವಿಚ್ ಆರಿಸಿ 5 ಮೈಕ್ರೋಫ್ಯಾರಡ್ ಹಾಕಿ ನೋಡಿ. ಪ್ರವಾಹ ಹತ್ತರಲ್ಲೊಂದು ಪಾಲಿಗೆ ಕುಸಿಯುತ್ತದೆ.