ಇಳಿಜಾರಿನಲ್ಲಿ ಕಾಲೂರದ ಪ್ಲೇಯರ್

ಗೇಮ್ ಕಟ್ಟಲು ಕಲಿಯುವವರೆಲ್ಲ ಮೊದಲು ಸಮತಟ್ಟಾದ ಒಂದು ನೆಲ ಹಾಸಿ, ಅದರ ಮೇಲೆ ಪ್ಲೇಯರ್‌ನನ್ನು ಓಡಿಸಿ ನೋಡುತ್ತಾರೆ. ನಾನೂ ಹಾಗೇ ಶುರು ಮಾಡಿದೆ. ನೆಲದ ಮೇಲೆ ಅವನು ಚೆನ್ನಾಗಿಯೇ ಓಡಿದ. ಆಮೇಲೆ ಒಂದು ದಿಬ್ಬ ಇಟ್ಟೆ: ಒಂದು ಬದಿಗೆ 30 ಡಿಗ್ರಿಯ ಇಳಿಜಾರು, ಇನ್ನೊಂದು ಬದಿಗೆ 60 ಡಿಗ್ರಿಯ ಕಡಿದಾದ ಬಂಡೆ. ಇಳಿಜಾರಿನಲ್ಲಿ ಅವನು ಓಡಿ ಇಳಿಯಲಿಲ್ಲ. ತುದಿಯಿಂದ ಗಾಳಿಗೆ ಹಾರಿದ, ಕೆಳಗೆ ಬಿದ್ದ, ಮತ್ತೆ ಹಾರಿದ. ಯಾರೂ ಹತ್ತಲಾಗದ ಬಂಡೆಯನ್ನು ಮಾತ್ರ ಜಾರುತ್ತಾ ಮೇಲಕ್ಕೆ ಹತ್ತಿಬಿಟ್ಟ. ಇಳಿಯಬೇಕಾದಲ್ಲಿ ಇಳಿಯುವುದಿಲ್ಲ, ಹತ್ತಬಾರದಲ್ಲಿ ಹತ್ತುತ್ತಾನೆ. ಬೇರೆ ಬೇರೆ ಎನಿಸುವ ಈ ಎರಡು ದೋಷಗಳ ಬೇರು ಒಂದೇ. ತನ್ನ ಕಾಲ ಕೆಳಗಿರುವುದು ಏನು ಎಂಬುದು ಪ್ಲೇಯರ್‌ಗೆ ಗೊತ್ತಿಲ್ಲ.

ಪ್ಲೇಯರ್‌ಗೆ ನಿಜಕ್ಕೂ ಕಾಲುಗಳಿಲ್ಲ. ಪರದೆಯ ಮೇಲೆ ಕಾಣುವ ಮೈಕೈ ಎಲ್ಲ ಚಿತ್ರ ಮಾತ್ರ. ಲೆಕ್ಕಕ್ಕೆ ಸಿಗುವುದು ಮಾತ್ರೆಯ ಆಕಾರದ, ಕಣ್ಣಿಗೆ ಕಾಣದ ಒಂದು ಕ್ಯಾಪ್ಸೂಲ್. ಇಂಜಿನ್ ಅದನ್ನು ಸೆಕೆಂಡಿಗೆ ಇಷ್ಟು ಬಾರಿ ಎಂದು ಸರಿಸುತ್ತಾ ಹೋಗುತ್ತದೆ. ಗೋಡೋ ಇಂಜಿನ್‌ನಲ್ಲಿ ಇದು ಸಾಮಾನ್ಯವಾಗಿ ಸೆಕೆಂಡಿಗೆ 60 ಬಾರಿ. ಪ್ರತಿ ಸಲವೂ ಕ್ಯಾಪ್ಸೂಲ್ ಒಂದು ಸರಳ ರೇಖೆಯಲ್ಲಿ ಚೂರು ಮುಂದೆ ಹೋಗುತ್ತದೆ, ಏನಾದರೂ ತಗುಲಿದರೆ ಅದರ ಮೈಗುಂಟ ಜಾರುತ್ತದೆ. ನಾವು ಇಳಿಜಾರಿನಲ್ಲಿ ಇಳಿಯುವಾಗ ಮೊಣಕಾಲು ಬಾಗುತ್ತದೆ, ಪಾದ ನೆಲವನ್ನು ಹುಡುಕುತ್ತದೆ. ಕ್ಯಾಪ್ಸೂಲ್ ಏನನ್ನೂ ಹುಡುಕುವುದಿಲ್ಲ.

ನನ್ನ ದಿಬ್ಬದ ಲೆಕ್ಕವನ್ನೇ ನೋಡೋಣ. ಪ್ಲೇಯರ್ ಸೆಕೆಂಡಿಗೆ 6 ಮೀಟರ್ ಓಡುತ್ತಾನೆ, ಅಂದರೆ ಒಂದು ಹೆಜ್ಜೆಗೆ 10 ಸೆಂಟಿಮೀಟರ್. 30 ಡಿಗ್ರಿಯ ಇಳಿಜಾರು ಅಷ್ಟು ದೂರದಲ್ಲಿ ಸುಮಾರು 5.8 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಗುರುತ್ವ ಮೊದಲ ಹೆಜ್ಜೆಯಲ್ಲಿ ಅವನನ್ನು ಕೆಳಗೆ ಎಳೆಯುವುದಾದರೂ ಎಷ್ಟು? ಸುಮಾರು 0.27 ಸೆಂಟಿಮೀಟರ್. ನೆಲ ಐದೂವರೆ ಸೆಂಟಿಮೀಟರ್ ದೂರ ಉಳಿದುಬಿಟ್ಟಿತು. ಇಂಜಿನ್‌ನ ಕಣ್ಣಲ್ಲಿ ಅವನೀಗ ಗಾಳಿಯಲ್ಲಿದ್ದಾನೆ. ಗುರುತ್ವ ವೇಗ ಕೂಡಿಸಿಕೊಂಡು ಅವನನ್ನು ಮತ್ತೆ ಇಳಿಜಾರಿಗೆ ತಲುಪಿಸುವ ಹೊತ್ತಿಗೆ 0.7 ಸೆಕೆಂಡ್ ಕಳೆದಿರುತ್ತದೆ, ಅವನು 4 ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತಾನೆ, ನಡುವೆ ಒಂದು ಕ್ಷಣ ನೆಲದಿಂದ 60 ಸೆಂಟಿಮೀಟರ್ ಮೇಲಿರುತ್ತಾನೆ. ನೆಲ ಮುಟ್ಟಿದ ಕೂಡಲೇ ಬೀಳುವ ವೇಗವನ್ನು ಸೊನ್ನೆ ಮಾಡುವುದು ರೂಢಿ. ಸೊನ್ನೆಯಾದ ಮರುಗಳಿಗೆಯಲ್ಲಿ ಅದೇ ಕಥೆ ಮತ್ತೆ ಮೊದಲಿನಿಂದ ಶುರು. ಹಾಗಾಗಿ 10 ಮೀಟರ್ ಉದ್ದದ ದಿಬ್ಬವನ್ನು ಅವನು ಎರಡು ಜಿಗಿತದಲ್ಲಿ ಬಹುಪಾಲು ದಾಟಿಬಿಡುತ್ತಾನೆ.

ಇಳಿಜಾರು ಕಡಿಮೆಯಿದ್ದರೆ ಜಿಗಿತ ಕಣ್ಣಿಗೆ ಬೀಳದೇ ಹೋಗಬಹುದು. ಆದರೆ ಬೇರೆ ಗುರುತುಗಳಿವೆ. ಓಡುವ ಚಿತ್ರ ಆಗಾಗ ಬೀಳುವ ಭಂಗಿಗೆ ಬದಲಾಗಿ ಮಿಡಿಯುತ್ತದೆ. ಹೆಜ್ಜೆ ಸಪ್ಪಳ ತುಂಡಾಗುತ್ತದೆ. ಎಲ್ಲಕ್ಕಿಂತ ಕಿರಿಕಿರಿಯದು ಎಂದರೆ, ಇಳಿಯುವಾಗ ಜಿಗಿಯುವ ಗುಂಡಿ ಒತ್ತಿದರೆ ಕೆಲವೊಮ್ಮೆ ಏನೂ ಆಗುವುದಿಲ್ಲ, ಏಕೆಂದರೆ ಆ ಕ್ಷಣದಲ್ಲಿ ಅವನು ನೆಲದ ಮೇಲಿಲ್ಲ ಎಂದು ಇಂಜಿನ್ ನಂಬಿದೆ. ಆಡುವವರು ಗುಂಡಿಯೇ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಅನುಮಾನ ಬಂದರೆ ಪ್ರತಿ ಹೆಜ್ಜೆಗೂ `is_on_floor()` ಏನು ಹೇಳುತ್ತಿದೆ ಎಂದು ಪರದೆಯ ಮೇಲೆ ಮೂಡಿಸಿ ನೋಡಬೇಕು. ಬರೀ ಓಡಿ ಇಳಿಯುವಾಗ ಹೌದು–ಇಲ್ಲ ಎಂದು ಅದು ಹೊಯ್ದಾಡುತ್ತಿದ್ದರೆ ರೋಗ ಇದೇ.

ಬಹಳ ಜನ ಮೊದಲು ಹಿಡಿಯುವ ದಾರಿ, ನೆಲದ ಮೇಲಿರುವಾಗಲೂ ಪ್ಲೇಯರ್‌ನನ್ನು ಸದಾ ಕೆಳಕ್ಕೆ ಒತ್ತುವುದು. ಯೂನಿಟಿ ಇಂಜಿನ್ ಬಳಸುವವರ ಕೋಡ್‌ನಲ್ಲಿ ಬೀಳುವ ವೇಗವನ್ನು ಸೊನ್ನೆಯ ಬದಲು `-2f` ಎಂದು ಇಟ್ಟಿರುವುದು ಆಗಾಗ ಕಾಣುತ್ತದೆ. ನನ್ನ ದಿಬ್ಬಕ್ಕೆ ಅದು ಸಾಲದು. ಸೆಕೆಂಡಿಗೆ 2 ಮೀಟರ್ ಎಂದರೆ ಒಂದು ಹೆಜ್ಜೆಗೆ 3.3 ಸೆಂಟಿಮೀಟರ್, ನೆಲ ಇಳಿಯುವುದು 5.8. ಒತ್ತಡವನ್ನು 20ಕ್ಕೆ ಏರಿಸಿದರೆ ದಿಬ್ಬದ ಸಮಸ್ಯೆ ತೀರುತ್ತದೆ, ಆದರೆ ಮಾಳಿಗೆಯ ಅಂಚಿನಿಂದ ಆಚೆ ಕಾಲಿಟ್ಟ ತಕ್ಷಣ ಅವನು ಆಗಲೇ 20 ಮೀಟರ್ ಬಿದ್ದವನ ವೇಗದಲ್ಲಿ ಕೆಳಗೆ ಅಪ್ಪಳಿಸುತ್ತಾನೆ. ಇದು ಸಂಖ್ಯೆ ತಿದ್ದಿ ಸರಿಪಡಿಸುವ ತೊಂದರೆಯಲ್ಲ. ವೇಗ ಬೇರೆ, ಸ್ಥಾನ ಬೇರೆ. ನಮಗೆ ಬೇಕಿರುವುದು ಸ್ಥಾನದ ತಿದ್ದುಪಡಿ.

ಗ್ರೌಂಡ್ ಸ್ನ್ಯಾಪಿಂಗ್ ಎನ್ನುವುದು ಅದನ್ನೇ ಮಾಡುತ್ತದೆ. ಹೆಜ್ಜೆ ಮುಗಿದ ಮೇಲೆ ಇಂಜಿನ್ ಒಂದು ಪ್ರಶ್ನೆ ಕೇಳುತ್ತದೆ: ಇವನು ಹಿಂದಿನ ಹೆಜ್ಜೆಯಲ್ಲಿ ನೆಲದ ಮೇಲಿದ್ದು, ಈಗ ಮಾತ್ರ ಗಾಳಿಯಲ್ಲಿದ್ದಾನೆಯೇ? ಹೌದಾದರೆ ಕ್ಯಾಪ್ಸೂಲನ್ನು ಸ್ವಲ್ಪ ದೂರದವರೆಗೆ ಕೆಳಗೆ ಚಾಚಿ ನೋಡುತ್ತದೆ. ನಡೆಯಬಹುದಾದ ನೆಲ ಸಿಕ್ಕರೆ ಅವನನ್ನು ಅಲ್ಲಿಗೇ ಇಳಿಸಿಬಿಡುತ್ತದೆ, ವೇಗವನ್ನು ಮುಟ್ಟುವುದಿಲ್ಲ. ಸಿಗದಿದ್ದರೆ ಅವನು ನಿಜವಾಗಿಯೇ ಅಂಚು ದಾಟಿದ್ದಾನೆ, ಬೀಳಲಿ.

ಎಷ್ಟು ದೂರ ಚಾಚಬೇಕು ಎಂಬುದಕ್ಕೆ ಊಹೆ ಬೇಕಿಲ್ಲ. ಒಂದು ಹೆಜ್ಜೆಯಲ್ಲಿ ನೆಲ ಎಷ್ಟು ಇಳಿಯಬಹುದೋ ಅಷ್ಟು: ವೇಗ, ಹೆಜ್ಜೆಯ ಕಾಲ ಮತ್ತು ಕೋನದ ಟ್ಯಾಂಜೆಂಟ್, ಈ ಮೂರರ ಗುಣಲಬ್ಧ. 45 ಡಿಗ್ರಿಯ ಟ್ಯಾಂಜೆಂಟ್ 1. ಆದ್ದರಿಂದ 45 ಡಿಗ್ರಿಯವರೆಗೆ ನಡೆಯಲು ಬಿಡುವ ಗೇಮ್‌ನಲ್ಲಿ ಒಂದು ಹೆಜ್ಜೆಗೆ ಮುಂದೆ ಹೋಗುವಷ್ಟೇ ಕೆಳಗೂ ಚಾಚಬೇಕು. ಗೋಡೋದ ಮೂರು ಆಯಾಮದ ಪಾತ್ರಕ್ಕೆ ಈ ಅಳತೆ ಮೊದಲೇ 0.1 ಮೀಟರ್ ಎಂದು ಇಟ್ಟಿರುತ್ತದೆ. ಸೆಕೆಂಡಿಗೆ 6 ಮೀಟರ್ ಓಡುವವನಿಗೆ ಅದು ಸರಿಯಾಗಿ ಹೊಂದುತ್ತದೆ. ಅವನಿಗೆ 10 ಮೀಟರ್ ವೇಗ ಕೊಟ್ಟು ನೋಡಿ: 30 ಡಿಗ್ರಿಯಲ್ಲಿ ಹೆಜ್ಜೆಗೆ 9.6 ಸೆಂಟಿಮೀಟರ್ ಇಳಿಯಬೇಕು, ಕೂದಲೆಳೆಯಲ್ಲಿ ಪಾರು. 35 ಡಿಗ್ರಿಯಲ್ಲಿ 11.7 ಬೇಕು, ಮತ್ತೆ ಜಿಗಿತ. ನಡೆದಾಗ ಸರಿ, ಓಡಿದಾಗ ಮಾತ್ರ ಹಾರುತ್ತಾನೆ ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಲೆಕ್ಕ ಇರುತ್ತದೆ.

ಹಾಗೆಂದು ಅಳತೆಯನ್ನು ಅರ್ಧ ಮೀಟರಿಗೆ ಏರಿಸುವಂತಿಲ್ಲ. ಆಗ ಅವನು ಗಟಾರದ ಅಂಚಿನಲ್ಲಿ, ಜಗಲಿಯ ಅಂಚಿನಲ್ಲಿ ಬೀಳುವುದೇ ಇಲ್ಲ. ಕಣ್ಣು ಮಿಟುಕಿಸುವುದರೊಳಗೆ ಕೆಳಗಿನ ನೆಲದಲ್ಲಿ ಪ್ರತ್ಯಕ್ಷನಾಗುತ್ತಾನೆ. ಜಿಗಿತದ ವಿಷಯದಲ್ಲೂ ಎಚ್ಚರ ಬೇಕು. ಮೇಲಕ್ಕೆ ಹಾರಿದ ಮೊದಲ ಹೆಜ್ಜೆಯಲ್ಲಿ ನೆಲ ಇನ್ನೂ ಹತ್ತಿರದಲ್ಲೇ ಇರುತ್ತದೆ, ಸ್ನ್ಯಾಪ್ ಅವನನ್ನು ಹಿಡಿದು ಮತ್ತೆ ಕೆಳಗೆ ಕೂರಿಸಬಹುದು. ಗೋಡೋ 4ರಲ್ಲಿ ವೇಗ ಮೇಲ್ಮುಖವಾಗಿದ್ದರೆ ಸ್ನ್ಯಾಪ್ ತಾನಾಗಿ ಸುಮ್ಮನಿರುತ್ತದೆ. ಸ್ವಂತ ಕೋಡ್ ಬರೆಯುವವರು ಈ ಷರತ್ತನ್ನು ತಾವೇ ಸೇರಿಸಬೇಕು.

ಇನ್ನು ಬಂಡೆಯ ಕಡೆಗೆ. ತಗುಲಿದ ಮೇಲ್ಮೈಗುಂಟ ಜಾರು ಎಂಬ ನಿಯಮ ಗೋಡೆಯ ಪಕ್ಕದಲ್ಲಿ ನಡೆಯಲು ತುಂಬ ಅನುಕೂಲ. ಅದೇ ನಿಯಮ 60 ಡಿಗ್ರಿಯ ಬಂಡೆಯನ್ನೂ ಏಣಿ ಮಾಡಿಬಿಡುತ್ತದೆ. ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಬಂಡೆಗೆ ಒತ್ತಿದರೆ, ಬಂಡೆಯೊಳಕ್ಕೆ ನುಗ್ಗುವ ಪಾಲು ಕಳೆದುಹೋಗಿ ಅದರ ಮೈಗುಂಟ 3 ಮೀಟರ್ ವೇಗ ಉಳಿಯುತ್ತದೆ. ಅದರಲ್ಲಿ ಮೇಲಕ್ಕೆ ಹೋಗುವ ಪಾಲೇ 2.6. ಗುರುತ್ವ ಎಳೆಯಬೇಕಲ್ಲ ಎನ್ನಬಹುದು. ಆದರೆ ಬಂಡೆಯೂ ನೆಲವೇ ಎಂದು ಇಂಜಿನ್ ಎಣಿಸಿದರೆ ಬೀಳುವ ವೇಗ ಪ್ರತಿ ಹೆಜ್ಜೆಗೂ ಅಳಿಸಿಹೋಗುತ್ತದೆ. ಹತ್ತು ಸೆಕೆಂಡಿನಲ್ಲಿ ಅವನು 26 ಮೀಟರ್ ಮೇಲಿರುತ್ತಾನೆ.

ಆದ್ದರಿಂದ ಯಾವುದು ನೆಲ, ಯಾವುದು ಗೋಡೆ ಎಂದು ಗೆರೆ ಎಳೆಯಬೇಕು. ಅದೇ ಸ್ಲೋಪ್ ಲಿಮಿಟ್. ಮೇಲ್ಮೈಗೆ ಲಂಬವಾಗಿ ಹೊರಟ ಒಂದು ಮೀಟರಿನ ಬಾಣವನ್ನು ಕಲ್ಪಿಸಿಕೊಳ್ಳಿ. ಸಮತಟ್ಟಾದ ನೆಲದಲ್ಲಿ ಅದು ಒಂದು ಮೀಟರ್ ಎತ್ತರ ನಿಲ್ಲುತ್ತದೆ, ಗೋಡೆಯಲ್ಲಿ ಅಡ್ಡ ಮಲಗುತ್ತದೆ, ಎತ್ತರ ಸೊನ್ನೆ. 45 ಡಿಗ್ರಿಯಲ್ಲಿ 0.707. 1999ರ ಕ್ವೇಕ್ 3 ಅರೀನಾದ ಕೋಡ್‌ನಲ್ಲಿ ಈ ಗೆರೆ `MIN_WALK_NORMAL` ಎಂಬ ಹೆಸರಿನಲ್ಲಿ 0.7 ಎಂದು ಬರೆದಿದೆ, ಅಂದರೆ 45 ಡಿಗ್ರಿಗಿಂತ ಅರ್ಧ ಡಿಗ್ರಿ ಮಾತ್ರ ಹೆಚ್ಚು. ಇದೇ ವಂಶದ ಇಂಜಿನ್‌ನಿಂದ ಬಂದ ಕೌಂಟರ್‌ಸ್ಟ್ರೈಕ್‌ನಲ್ಲಿ ಆಡುವವರು ಈ ಗೆರೆಯ ಆಚೆಗಿನ ಕಡಿದಾದ ಇಳಿಜಾರುಗಳನ್ನು ಬೇಕೆಂದೇ ಕಟ್ಟಿ, ಅವುಗಳ ಮೇಲೆ ತೇಲುತ್ತಾ ಜಾರುವ ‘ಸರ್ಫ್’ ಎಂಬ ಬೇರೆಯದೇ ಆಟ ಬೆಳೆಸಿದರು. ಕಾಲೂರಲಾಗದ ಕಡೆ ವೇಗಕ್ಕೆ ತಡೆಯೂ ಇಲ್ಲ ಎಂಬುದನ್ನು ಅವರು ಕಂಡುಕೊಂಡ ರೀತಿ ನನಗೆ ಇಂದಿಗೂ ಬೆರಗು.

ಗೋಡೋದಲ್ಲಿ ನನ್ನ ದಿಬ್ಬಕ್ಕೆ ಬೇಕಾದದ್ದು ಇಷ್ಟೇ:

```gdscript
func _ready():
    floor_max_angle = deg_to_rad(46.0)
    floor_snap_length = 0.12
    floor_stop_on_slope = true
```

45 ಅಲ್ಲದೆ 46 ಏಕೆ ಎಂದರೆ, 45 ಡಿಗ್ರಿಯ ದಿಬ್ಬಕ್ಕೆ 45ರದೇ ಮಿತಿ ಇಟ್ಟರೆ ದಶಮಾಂಶದ ಕೊನೆಯ ಅಂಕಿಗಳ ಸಣ್ಣ ವ್ಯತ್ಯಾಸವೇ ನಡೆಯಬಹುದೋ ಇಲ್ಲವೋ ಎಂದು ತೀರ್ಮಾನಿಸುವ ಅಪಾಯವಿದೆ. ಕೊನೆಯ ಸಾಲು, ಸುಮ್ಮನೆ ನಿಂತವನು ಇಳಿಜಾರಿನಲ್ಲಿ ಮೆಲ್ಲಗೆ ಕೆಳಗೆ ತೆವಳದಂತೆ ತಡೆಯುತ್ತದೆ.

ಯೂನಿಟಿಯ ಕ್ಯಾರೆಕ್ಟರ್ ಕಂಟ್ರೋಲರ್‌ನಲ್ಲೂ ಸ್ಲೋಪ್ ಲಿಮಿಟ್ ಮೊದಲೇ 45 ಇರುತ್ತದೆ. ಆದರೆ ಅದು ಹತ್ತುವುದನ್ನು ತಡೆಯುತ್ತದೆಯೇ ಹೊರತು, ಕಡಿದಾದ ಕಡೆ ನಿಂತವನನ್ನು ಕೆಳಗೆ ಜಾರಿಸುವುದಿಲ್ಲ. ಕೆಳಗೆ ಏನೋ ತಗುಲಿದೆ ಎಂಬುದನ್ನೇ ನೋಡಿ ಜಿಗಿಯಲು ಅನುಮತಿ ಕೊಟ್ಟರೆ, ಆಡುವವರು ಜಿಗಿದು ಜಿಗಿದು ಬಂಡೆ ಏರಿಬಿಡುತ್ತಾರೆ. ಜಿಗಿಯುವ ಮುನ್ನವೂ ಕೋನವನ್ನು ಕೇಳಲೇಬೇಕು.

ಇಷ್ಟಾದ ಮೇಲೂ ನನ್ನನ್ನು ಬಹಳ ಕಾಡಿದ್ದು ಮೆಟ್ಟಿಲು. ಮೆಟ್ಟಿಲಿನ ಮೇಲ್ಭಾಗ ಸಮತಟ್ಟು, ಆದರೆ ಕ್ಯಾಪ್ಸೂಲ್‌ನ ದುಂಡನೆಯ ತಳ ಮೊದಲು ಮುಟ್ಟುವುದು ಅದರ ಅಂಚನ್ನು. ಆಗ ಸಿಗುವ ಕೋನ ಮೆಟ್ಟಿಲಿನದಲ್ಲ, ಅಂಚಿನಿಂದ ದುಂಡಿನ ಕೇಂದ್ರಕ್ಕೆ ಎಳೆದ ಗೆರೆಯದು. ತಳದ ತ್ರಿಜ್ಯ 40 ಸೆಂಟಿಮೀಟರ್ ಇದ್ದರೆ 10 ಸೆಂಟಿಮೀಟರಿನ ಮೆಟ್ಟಿಲು 41 ಡಿಗ್ರಿಯ ದಿಬ್ಬದಂತೆ ಕಾಣುತ್ತದೆ, ಹತ್ತಬಹುದು. 20 ಸೆಂಟಿಮೀಟರಿನದು 60 ಡಿಗ್ರಿಯ ಗೋಡೆ, ಅಲ್ಲೇ ನಿಲ್ಲುತ್ತಾನೆ. ಮಿತಿಯನ್ನು 60ಕ್ಕೆ ಏರಿಸಿದರೆ ಮೆಟ್ಟಿಲಿನ ಜೊತೆ ಬಂಡೆಯನ್ನೂ ಬಿಟ್ಟುಕೊಟ್ಟಂತೆ. ಯೂನಿಟಿಯಲ್ಲಿ ಇದಕ್ಕೆಂದೇ `stepOffset` ಇದೆ. ಗೋಡೋದಲ್ಲಿ ನಾನು ಮೆಟ್ಟಿಲುಗಳ ಅಂಚಿನ ಮೇಲೆ ಕಣ್ಣಿಗೆ ಕಾಣದ ಒಂದು ಹಲಗೆ ಹಾಸಿದೆ. 17 ಸೆಂಟಿಮೀಟರ್ ಎತ್ತರ, 28 ಸೆಂಟಿಮೀಟರ್ ಅಗಲದ ಮೆಟ್ಟಿಲಿಗೆ ಆ ಹಲಗೆಯ ಓರೆ 31 ಡಿಗ್ರಿ. ಈಗ ಅವನು ಮೆಟ್ಟಿಲು ಇಳಿಯುತ್ತಾನೆ ಎಂದು ನಮಗೆ ಕಾಣುತ್ತದೆ, ಕ್ಯಾಪ್ಸೂಲ್ ಮಾತ್ರ ನನ್ನ ಮೊದಲ ದಿಬ್ಬದಂಥದೇ ಒಂದು ಇಳಿಜಾರಿನಲ್ಲಿ ನೆಲ ಬಿಡದೆ ಇಳಿಯುತ್ತಿರುತ್ತದೆ.