ಒಂದು ದರ್ಶನ, ಮೂರು ರೂಪ

ಬಿಡದಿಯಿಂದ ಮೈಸೂರು ಹೆದ್ದಾರಿ ಹಿಡಿದು ರಾಮನಗರ, ಚನ್ನಪಟ್ಟಣ ದಾಟಿದರೆ ಸಿಗುವುದು ದೊಡ್ಡಮಳೂರು. ಅಲ್ಲಿನ ಅಪ್ರಮೇಯಸ್ವಾಮಿಯ ದೇಗುಲದೊಳಗೆ ಅಂಬೆಗಾಲಿಡುವ ನವನೀತಕೃಷ್ಣನಿದ್ದಾನೆ. ‘ಜಗದೋದ್ಧಾರನ’ ಕೀರ್ತನೆಯನ್ನು ಪುರಂದರದಾಸರು ರಚಿಸಿದ್ದು ಇಲ್ಲಿಯೇ ಎಂಬ ನಂಬಿಕೆಯಿದೆ. ಮಕ್ಕಳಿಗಾಗಿ ಹರಕೆ ಹೊತ್ತವರು ಇಲ್ಲಿ ತೊಟ್ಟಿಲು ಒಪ್ಪಿಸುತ್ತಾರೆ. ಈ ಕ್ಷೇತ್ರದ ಬಗ್ಗೆ ಇಪ್ಪತ್ತು ನಿಮಿಷದ ವಿಡಿಯೊ ಮಾಡುತ್ತೀರಿ ಎಂದುಕೊಳ್ಳಿ. ಅದನ್ನೇ ಮೊಬೈಲ್‌ಗೆ ಉದ್ದ ಚೌಕಟ್ಟಿನ ಶಾರ್ಟ್ಸ್ ಆಗಿಯೂ, ಕೆಲಸ ಮಾಡುತ್ತ ಕೇಳುವವರಿಗೆ ಆಡಿಯೊ ಆಗಿಯೂ ಕೊಡಬೇಕು. ಕತ್ತರಿಸಿದರೆ ಆಯಿತು ಎಂದುಕೊಂಡವರ ಕೆಲಸ ಕೆಡುವುದೇ ಇಲ್ಲಿ.

ಅಗಲ ಚಿತ್ರವನ್ನು ಉದ್ದ ಚೌಕಟ್ಟಿಗೆ ಕತ್ತರಿಸಿದಾಗ ಅಗಲದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಉಳಿಯುತ್ತದೆ. 1920 ಪಿಕ್ಸೆಲ್ ಅಗಲದಲ್ಲಿ ಸಿಗುವುದು ಸುಮಾರು 608 ಮಾತ್ರ. ಅದನ್ನು 1080ಕ್ಕೆ ಹಿಗ್ಗಿಸಿದರೆ ಚಿತ್ರ ಮಸುಕಾಗುತ್ತದೆ. 4ಕೆಯಲ್ಲಿ ಚಿತ್ರೀಕರಿಸಿದರೆ ಅದೇ ತುಂಡಿಗೆ 1215 ಪಿಕ್ಸೆಲ್ ಸಿಗುವುದರಿಂದ ಹಿಗ್ಗಿಸುವ ಅಗತ್ಯವೇ ಇಲ್ಲ. ಗೋಪುರ ಉದ್ದ ಚೌಕಟ್ಟಿಗೆ ತಾನಾಗಿ ಹೊಂದುತ್ತದೆ. ಸಾಲಾಗಿ ತೂಗುವ ತೊಟ್ಟಿಲುಗಳು ಹಾಗಲ್ಲ, ಅವುಗಳಲ್ಲಿ ಒಂದನ್ನೇ ಆರಿಸಿ ಹತ್ತಿರದಿಂದ ಬೇರೆ ಶಾಟ್ ತೆಗೆಯಬೇಕು. ಗರ್ಭಗುಡಿಯ ಚಿತ್ರೀಕರಣಕ್ಕೆ ಮಾತ್ರ ಮೊದಲೇ ಅನುಮತಿ ಕೇಳಿ. ಒಪ್ಪದಿದ್ದರೆ ಅಲ್ಲಿಗೆ ಬಿಡಿ.

ಯೂಟ್ಯೂಬ್ ಶಾರ್ಟ್ಸ್ ಈಗ ಮೂರು ನಿಮಿಷದವರೆಗೆ ಇರಬಹುದು. ಆದರೆ ಒಂದು ನಿಮಿಷ ಮೀರಿದ ಶಾರ್ಟ್ಸ್‌ನಲ್ಲಿ ಹಕ್ಕುಸ್ವಾಮ್ಯದ ಧ್ವನಿ ಪತ್ತೆಯಾದರೆ ಅದನ್ನು ತಡೆಹಿಡಿಯಲಾಗುತ್ತದೆ. ದಾಸರ ಪದಕ್ಕೆ ಯಾರ ಹಕ್ಕೂ ಇಲ್ಲ, ಗಾಯಕರ ಧ್ವನಿಮುದ್ರಿಕೆಗೆ ಇದೆ. ಊರಿನ ಭಜನಾ ಮಂಡಳಿಯವರನ್ನೇ ಕೇಳಿಕೊಂಡು, ಒಪ್ಪಿಗೆ ಪಡೆದು ಹಾಡಿಸಿ, ಮೂರಕ್ಕೂ ಅದನ್ನೇ ಬಳಸುವುದು ಲೇಸು.

ನನಗೆ ಹೆಚ್ಚು ಕಷ್ಟದ್ದೆನಿಸುವುದು ಆಡಿಯೊ. ‘ಇಲ್ಲಿ ನೋಡಿ, ಈ ಕೈಯಲ್ಲಿ ಬೆಣ್ಣೆ’ ಎಂದರೆ ಕೇಳುವವನಿಗೆ ಏನೂ ಕಾಣುವುದಿಲ್ಲ. ಅಂಥ ಸಾಲುಗಳಿಗೆ ‘ಬಲಗೈಯಲ್ಲಿ ಬೆಣ್ಣೆ ಹಿಡಿದು ತೆವಳುತ್ತಿರುವ ಬಾಲಕೃಷ್ಣ’ ಎಂಬಂಥ ಬದಲಿ ಮಾತನ್ನು ದನಿಮುದ್ರಿಸಿಕೊಳ್ಳಬೇಕು. ಮಂಗಳಾರತಿಯ ಗಂಟೆ ವಿಡಿಯೊದಲ್ಲಿ ಒಂದು ನಿಮಿಷ ಚೆಂದ. ಆಡಿಯೊದಲ್ಲಿ ಹತ್ತು ಸೆಕೆಂಡಿನ ನಂತರ ಕಿವಿಗೆ ಹೊಡೆಯುತ್ತದೆ. ಕಣ್ಣು ಮುಚ್ಚಿ ಒಮ್ಮೆ ಪೂರ್ತಿ ಕೇಳಿದರೆ ಎಲ್ಲಿ ಅರ್ಥ ತಪ್ಪಿತೆಂದು ತಿಳಿಯುತ್ತದೆ.

ಮೂರನ್ನೂ ಕಟ್ಟುವುದು ವಿವರಪಟ್ಟಿ. ಶೀರ್ಷಿಕೆಗಳು ಬೇರೆ ಇರಬಹುದು, ಹೆಸರುಗಳು ಒಂದೇ ಇರಬೇಕು. ಒಂದರಲ್ಲಿ ದೊಡ್ಡಮಳೂರು, ಇನ್ನೊಂದರಲ್ಲಿ ಬರೀ ಮಳೂರು ಎಂದರೆ ಹುಡುಕುವವರು ಕೋಲಾರದ ಮಾಲೂರಿಗೆ ಹೋಗಿ ನಿಲ್ಲುತ್ತಾರೆ. ದೇವರು, ದೇಗುಲ, ಊರು, ಹಾಡಿದವರು ಎಂದು ಒಂದೇ ಹಾಳೆಯಲ್ಲಿ ಮೊದಲೇ ಬರೆದಿಟ್ಟು, ಅದರಿಂದಲೇ ಮೂರಕ್ಕೂ ನಕಲು ಮಾಡಿ. ಶಾರ್ಟ್ಸ್ ವಿವರಣೆಯಲ್ಲಿ ಹಾಕಿದ ಕೊಂಡಿ ಒತ್ತಿದರೆ ತೆರೆಯುವುದಿಲ್ಲ; ಪೂರ್ಣ ವಿಡಿಯೊವನ್ನು ‘ಸಂಬಂಧಿತ ವಿಡಿಯೊ’ ಎಂದು ಸೇರಿಸಬೇಕು. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿದೆ, ಜನರ ಬಾಯಲ್ಲಿ ಹಳೆಯದೂ ಇದೆ. ಹಾಗಾಗಿ ಎರಡನ್ನೂ ಬರೆಯಿರಿ, ಜೊತೆಗೆ ಚನ್ನಪಟ್ಟಣ ತಾಲ್ಲೂಕು ಎಂಬುದನ್ನು ಮೂರರಲ್ಲೂ ಬಿಡಬೇಡಿ.