ಕನ್ನಡದ ಎಸ್‌ಎಂಎಸ್‌ಗೆ ಎರಡು ಪಟ್ಟು ದರ ಏಕೆ?

ಶಾಲೆಯೊಂದು ಪೋಷಕರಿಗೆ ಹೀಗೊಂದು ಎಸ್‌ಎಂಎಸ್ ಕಳಿಸುತ್ತದೆ ಎಂದಿಟ್ಟುಕೊಳ್ಳಿ: “ಪ್ರಿಯ ಪೋಷಕರೇ, ಶನಿವಾರ ಬೆಳಿಗ್ಗೆ 10 ಗಂಟೆಗೆ ಶಾಲೆಯಲ್ಲಿ ಪೋಷಕರ ಸಭೆ ಇದೆ. ದಯವಿಟ್ಟು ತಪ್ಪದೆ ಬನ್ನಿ. ಮುಖ್ಯ ಶಿಕ್ಷಕರು”. ಇದೇ ವಿಷಯವನ್ನು ಇಂಗ್ಲಿಷಿನಲ್ಲಿ ಬರೆದರೆ ಸುಮಾರು 110 ಅಕ್ಷರ, ಒಂದು ಎಸ್‌ಎಂಎಸ್. ಕನ್ನಡದ್ದು 102 ಚಿಹ್ನೆ, ಆದರೂ ಎರಡು ಎಸ್‌ಎಂಎಸ್. ಕನ್ನಡದಲ್ಲಿ ಮಾತು ಉದ್ದವಾಗುತ್ತದೆ, ಅದಕ್ಕೇ ದುಬಾರಿ ಎಂದು ಅನೇಕರು ನಂಬಿದ್ದಾರೆ. ಇಲ್ಲಿ ಕನ್ನಡವೇ ಚಿಕ್ಕದು. ವ್ಯತ್ಯಾಸ ಇರುವುದು ಬೇರೆಡೆ.

ಒಂದು ಎಸ್‌ಎಂಎಸ್‌ನಲ್ಲಿ ಹಿಡಿಸುವುದು 140 ಬೈಟ್, ಅಂದರೆ 1120 ಬಿಟ್. ಯುರೋಪಿನಲ್ಲಿ ಜಿಎಸ್‌ಎಂ ರೂಪುಗೊಂಡಾಗ ರೋಮನ್ ಲಿಪಿ, ಅಂಕಿ ಮತ್ತು ವಿರಾಮ ಚಿಹ್ನೆಗಳಿಗೆಂದು 128 ಮನೆಗಳ ಒಂದು ಕೋಷ್ಟಕ ಮಾಡಿದರು. ಅದರ ಒಂದು ಅಕ್ಷರಕ್ಕೆ 7 ಬಿಟ್ ಸಾಕು. 1120ನ್ನು 7ರಿಂದ ಭಾಗಿಸಿದರೆ 160 ಅಕ್ಷರ. ಕನ್ನಡ ಆ ಕೋಷ್ಟಕದಲ್ಲಿಲ್ಲ. ಆದ್ದರಿಂದ ಕನ್ನಡದ ಸಂದೇಶ ಯೂನಿಕೋಡ್‌ನಲ್ಲಿ ಹೋಗುತ್ತದೆ, ಪ್ರತಿ ಚಿಹ್ನೆಗೂ 16 ಬಿಟ್ ಬೇಕು. 1120ನ್ನು 16ರಿಂದ ಭಾಗಿಸಿದರೆ ಉಳಿಯುವುದು 70.

ಈ 70 ನಾವು ಓದುವ ಅಕ್ಷರಗಳ ಲೆಕ್ಕವಲ್ಲ ಎಂಬುದನ್ನೂ ಗಮನಿಸಬೇಕು. ‘ಕ’ ಒಂದು, ‘ಕಾ’ ಎರಡು, ‘ಕ್ಷ’ ಮೂರು: ಕ, ಹಲಂತ, ಷ. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಬೇಕು. ಕಣ್ಣಿಗೆ ಕಾಣದ ಚಿಹ್ನೆಗಳೂ ಲೆಕ್ಕಕ್ಕೆ ಬರುತ್ತವೆ. ‘ಆನ್‌ಲೈನ್’ ಪದದಲ್ಲಿ ‘ಲೈ’ ಒತ್ತಕ್ಷರವಾಗದಂತೆ ತಡೆಯಲು ನಡುವೆ ಒಂದು ಅದೃಶ್ಯ ಚಿಹ್ನೆ ಹಾಕುತ್ತೇವೆ. ಅದಕ್ಕೂ 16 ಬಿಟ್ ಖರ್ಚು.

ಮಿತಿ ದಾಟಿದರೆ ಇನ್ನೊಂದು ನಷ್ಟವಿದೆ. ತುಂಡುಗಳನ್ನು ಓದುವವರ ಫೋನ್ ಸರಿಯಾಗಿ ಜೋಡಿಸಲು ಪ್ರತಿ ತುಂಡಿನ ತಲೆಯಲ್ಲೂ 6 ಬೈಟ್‌ನಷ್ಟು ಸೂಚನೆ ಬರೆಯಬೇಕು: ಇದು ಯಾವ ಸಂದೇಶದ್ದು, ಒಟ್ಟು ಎಷ್ಟು ತುಂಡು, ಇದು ಎಷ್ಟನೆಯದು. ಅಲ್ಲಿಗೆ ಕನ್ನಡಕ್ಕೆ ತುಂಡೊಂದಕ್ಕೆ 67 ಚಿಹ್ನೆ ಮಾತ್ರ. 160 ಚಿಹ್ನೆಯ ಸಂದೇಶ ಇಂಗ್ಲಿಷಿನಲ್ಲಿ ಒಂದು, ಕನ್ನಡದಲ್ಲಿ ಮೂರು. ಸಗಟು ಎಸ್‌ಎಂಎಸ್ ಕಳಿಸುವವರಿಗೆ ಬಿಲ್ ಬರುವುದು ತುಂಡಿನ ಲೆಕ್ಕದಲ್ಲಿ. ಲೆಕ್ಕದ ಅನುಕೂಲಕ್ಕೆ ಒಂದು ತುಂಡಿಗೆ 20 ಪೈಸೆ ಎಂದುಕೊಂಡರೆ, 600 ಪೋಷಕರಿಗೆ ಆ ಸಭೆಯ ಸುದ್ದಿ ಇಂಗ್ಲಿಷಿನಲ್ಲಿ 120 ರೂಪಾಯಿ, ಕನ್ನಡದಲ್ಲಿ 240. ಸಂದೇಶಗಳು ತಿಂಗಳಿಗೆ ಲಕ್ಷಗಟ್ಟಲೆ ಹೋಗುವ ಕಡೆ ಈ ಅಂತರ ನೋಡಿಯೇ ಕನ್ನಡವನ್ನು ಬಿಡುವ ಆಸೆ ಹುಟ್ಟುತ್ತದೆ. ಆ ಉಳಿತಾಯದ ಬೆಲೆ ತೆರುವವರು ಕನ್ನಡ ಮಾತ್ರ ಓದಬಲ್ಲ ಪೋಷಕರು, ರೈತರು, ರೋಗಿಗಳು. ಇದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಇಂಗ್ಲಿಷ್ ಸಂದೇಶದೊಳಗೂ ಇದೇ ಪೆಟ್ಟು ಬೀಳುವುದುಂಟು. ಆ 7 ಬಿಟ್‌ನ ಕೋಷ್ಟಕದಲ್ಲಿ ರೂಪಾಯಿಯ ₹ ಗುರುತೂ ಇಲ್ಲ. 150 ಅಕ್ಷರದ ಇಂಗ್ಲಿಷ್ ಸಂದೇಶಕ್ಕೆ ಒಂದು ₹ ಸೇರಿದರೆ, ಅಥವಾ ಒಂದೇ ಒಂದು ಕನ್ನಡ ಅಕ್ಷರ ನುಸುಳಿದರೆ, ಇಡೀ ಸಂದೇಶ 16 ಬಿಟ್‌ಗೆ ಬದಲಾಗಿ ಮೂರು ತುಂಡಾಗುತ್ತದೆ. ಸಂದೇಶ ಬರೆಯುವ ಪರದೆಯಲ್ಲಿ ಉಳಿದ ಅಕ್ಷರಗಳ ಎಣಿಕೆ ತೋರಿಸುವ ವ್ಯವಸ್ಥೆಯಿದ್ದರೆ ಅದು 160ರ ಲೆಕ್ಕದಿಂದ ಥಟ್ಟನೆ 70ಕ್ಕೆ ಇಳಿಯುವುದು ಇದರ ಗುರುತು. ಬ್ಯಾಂಕಿನ ಸಂದೇಶಗಳಲ್ಲಿ ಈಗಲೂ Rs ಎಂದೇ ಬರೆದರೆ ಈ ತೊಂದರೆ ಬರುವುದಿಲ್ಲ.

ಹಾಗಿದ್ದರೆ ಶಾಲೆಯವರು ಏನು ಮಾಡಬಹುದು? “ಶನಿವಾರ ಬೆಳಿಗ್ಗೆ 10ಕ್ಕೆ ಶಾಲೆಯಲ್ಲಿ ಪೋಷಕರ ಸಭೆ. ತಪ್ಪದೆ ಬನ್ನಿ. ಮುಖ್ಯ ಶಿಕ್ಷಕರು” ಎಂದು ಇಳಿಸಿದರೂ 72 ಚಿಹ್ನೆ, ಎರಡರಿಂದ ತಪ್ಪಿತು. ‘ತಪ್ಪದೆ’ ತೆಗೆದರೆ 65, ಒಂದೇ ತುಂಡು. ಆದರೆ ಸಭೆಯ ಕರೆಯಿಂದ ‘ಪ್ರಿಯ ಪೋಷಕರೇ’ಯೂ ‘ದಯವಿಟ್ಟು’ವೂ ಹೋಗಿರುತ್ತವೆ. ಬಿಟ್‌ನ ಲೆಕ್ಕಕ್ಕಾಗಿ ಸೌಜನ್ಯವನ್ನು ಕತ್ತರಿಸಬೇಕಾದ ಸ್ಥಿತಿ ಇದು.

ಇದಕ್ಕೆ ತಾಂತ್ರಿಕ ಪರಿಹಾರ ಇಲ್ಲದಿಲ್ಲ. ಮೊಬೈಲ್ ಜಾಲಗಳ ಅಂತರರಾಷ್ಟ್ರೀಯ ಮಾನದಂಡದಲ್ಲಿ ಭಾರತದ ಹತ್ತು ಭಾಷೆಗಳಿಗೆ 7 ಬಿಟ್‌ನದೇ ಪ್ರತ್ಯೇಕ ಕೋಷ್ಟಕಗಳಿವೆ, ಕನ್ನಡದ್ದು 7ನೆಯ ಸಂಖ್ಯೆಯದು. ಸಂದೇಶದ ತಲೆಯಲ್ಲಿ ಆ ಸಂಖ್ಯೆ ಬರೆದರೆ ಓದುವ ಫೋನು ಕನ್ನಡದ ಕೋಷ್ಟಕವನ್ನು ಹಿಡಿಯುತ್ತದೆ, ಒಂದು ಎಸ್‌ಎಂಎಸ್‌ನಲ್ಲಿ 155 ಚಿಹ್ನೆಯವರೆಗೆ ಹಿಡಿಸುತ್ತದೆ. ನಮ್ಮ 102 ಚಿಹ್ನೆಯ ಕರೆ, ಸೌಜನ್ಯವೆಲ್ಲ ಸೇರಿಯೇ, ಒಂದರಲ್ಲಿ ಮುಗಿಯುತ್ತದೆ. ಆದರೆ ಆ ಕೋಷ್ಟಕ ಓದುವವರ ಫೋನಿನಲ್ಲೂ ಇರಬೇಕು. ಇಲ್ಲದಿದ್ದರೆ ಅವರಿಗೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಯಾರ ಕೈಯಲ್ಲಿ ಯಾವ ಫೋನಿದೆ ಎಂದು ಕಳಿಸುವವರಿಗೆ ತಿಳಿಯುವ ದಾರಿಯಿಲ್ಲ, ಹಾಗಾಗಿ ಅವರು ಎಲ್ಲ ಫೋನಿನಲ್ಲೂ ಓದಬಹುದಾದ 16 ಬಿಟ್‌ಗೇ ಹಣ ಕೊಡುತ್ತಾರೆ.